‘ನನ್ನ ಲ್ಯಾಪ್‌ಟಾಪ್ ಇದ್ರಲ್ಲಿ ಹಿಡಿಯುತ್ತಾ?’: ಒಂದು ಬ್ಯಾಗ್ ಲಿಸ್ಟಿಂಗ್ ರಿಪೇರಿಯ ಡೈರಿ

ನಾವು ಆನ್‌ಲೈನ್‌ನಲ್ಲಿ ಮಾರುವ ಬೆನ್ನಿಗೆ ಹಾಕುವ ಲ್ಯಾಪ್‌ಟಾಪ್ ಬ್ಯಾಗ್ ಒಂದಿದೆ. ಅದರ ಪುಟದ ಕೆಳಗೆ ‘ಪ್ರಶ್ನೆ ಮತ್ತು ಉತ್ತರ’ ಎಂಬ ಭಾಗವೂ ಇದೆ. ಬರೆದವನು ನಾನೇ. ಎಲ್ಲ ಪ್ರಶ್ನೆಗೂ ಉತ್ತರ ಇತ್ತು. ಆದರೂ ಅವೇ ಪ್ರಶ್ನೆಗಳಿಗಾಗಿ ದಿನವೂ ಫೋನ್ ಬರುತ್ತಿತ್ತು. ಅದರ ಮೇಲೆ, ‘ಲ್ಯಾಪ್‌ಟಾಪ್ ಹಿಡಿಯಲಿಲ್ಲ’ ಎಂದು ವಾಪಸ್ ಬರುವ ಬ್ಯಾಗುಗಳು ಬೇರೆ. ಉತ್ತರ ಇದ್ದೂ ಜನ ಯಾಕೆ ಕೇಳುತ್ತಾರೆ ಎಂದು ಹುಡುಕಲು ಕೂತೆ. ಫೋನಿನ ಮೈಕಿನಲ್ಲಿ ಮಾತಿನಲ್ಲೇ ಕೇಳಿ ಹುಡುಕುವವರಿಗೂ ಆ ಉತ್ತರ ಸಿಗುವಂತೆ ಮಾಡಬೇಕಿತ್ತು. ಮೂರು ವಾರ ಹಿಡಿಯಿತು. ಆಗ ಮಾಡಿದ್ದು, ಕೆಡಿಸಿದ್ದು, ಮತ್ತೆ ಸರಿಮಾಡಿದ್ದು ಇಲ್ಲಿದೆ.

ಮೊದಲು ಕಿವಿಗೆ ಕೆಲಸ

ಹಳೇ ಅಭ್ಯಾಸದಂತೆ ಮೊದಲು ಕೀವರ್ಡ್ ಪಟ್ಟಿ ತೆಗೆದೆ. ‘15.6 ಲ್ಯಾಪ್‌ಟಾಪ್ ಬ್ಯಾಗ್’, ‘ವಾಟರ್‌ಪ್ರೂಫ್ ಬ್ಯಾಗ್’, ‘ಆಫೀಸ್ ಬ್ಯಾಗ್’. ಇಷ್ಟರಿಂದ ಏನೂ ಗೊತ್ತಾಗಲಿಲ್ಲ. ಟೈಪ್ ಮಾಡುವಾಗ ಜನ ಪದಗಳನ್ನು ಉಳಿಸುತ್ತಾರೆ. ಮಾತಾಡುವಾಗ ಉಳಿಸುವುದಿಲ್ಲ, ತಮ್ಮ ಪರಿಸ್ಥಿತಿಯನ್ನು ಸೇರಿಸಿಯೇ ಕೇಳುತ್ತಾರೆ.

ನಮ್ಮಲ್ಲಿ ಫೋನ್ ಎತ್ತುವ ಸಹೋದ್ಯೋಗಿ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದರು. ಅದರಲ್ಲಿ ಬರೀ ‘ಸೈಜ್ ವಿಚಾರಣೆ’, ‘ಮಳೆ ವಿಚಾರಣೆ’ ಎಂದು ಬರೆದಿತ್ತು. ಒಂದು ವಾರ ಹಾಗೆ ಬರೆಯಬೇಡಿ, ಕೇಳಿದವರ ಬಾಯಿಂದ ಬಂದ ಮಾತನ್ನೇ ಬರೆಯಿರಿ ಎಂದು ಕೇಳಿಕೊಂಡೆ. ‘ಪೂರ್ತಿನಾ?’ ಎಂದರು. ‘ಪೂರ್ತಿ. ತಪ್ಪಿದ್ದರೂ ತಿದ್ದಬೇಡಿ’ ಎಂದೆ.

ವಾರದ ಕೊನೆಗೆ ಸಿಕ್ಕ ಸಾಲುಗಳು ಹೀಗಿದ್ದವು:

‘ಮಗಳಿಗೆ ಹೊಸ ಲ್ಯಾಪ್‌ಟಾಪ್ ತಗೊಂಡ್ವಿ, ಸ್ವಲ್ಪ ದೊಡ್ಡದು, ನಿಮ್ ಬ್ಯಾಗಲ್ಲಿ ಹಿಡಿಯುತ್ತಾ?’

‘ಗಾಡಿ ಓಡಿಸುವಾಗ ಮಳೆ ಬಂದ್ರೆ ಒಳಗಿರೋದು ನೆನೆಯುತ್ತಾ?’

‘ಲ್ಯಾಪ್‌ಟಾಪು ಚಾರ್ಜರು ಹಾಕಿದ್ಮೇಲೆ ಎರಡು ಜೊತೆ ಬಟ್ಟೆಗೆ ಜಾಗ ಉಳಿಯುತ್ತಾ?’

‘ವಿಮಾನದಲ್ಲಿ ಕಾಲ ಹತ್ರ ಇಟ್ಕೋಬಹುದಾ, ಇಲ್ಲ ಮೇಲೇ ಇಡ್ಬೇಕಾ?’

ಒಬ್ಬರೂ ‘ವಾಟರ್‌ಪ್ರೂಫ್’ ಎಂದಿಲ್ಲ. ಒಬ್ಬರೂ ‘ಸಾಮರ್ಥ್ಯ ಎಷ್ಟು ಲೀಟರ್’ ಎಂದಿಲ್ಲ. ನನ್ನ ಪುಟದಲ್ಲಿ ಇದ್ದಿದ್ದು ಅಂಥ ಪದಗಳೇ.

ಆಮೇಲೆ, ಜನ ಗೂಗಲ್‌ನಲ್ಲಿ ಏನು ಹುಡುಕಿದಾಗ ನಮ್ಮ ಪುಟ ಕಂಡಿತು ಎಂದು ತೋರಿಸುವ ಸರ್ಚ್ ಕನ್ಸೋಲ್ ತೆಗೆದೆ. ಮಾತಿನಲ್ಲಿ ಕೇಳಿದ ಹುಡುಕಾಟವನ್ನು ಅದು ಬೇರೆ ಮಾಡಿ ತೋರಿಸುವುದಿಲ್ಲ. ಟೈಪ್ ಮಾಡಿದ್ದು, ಮೈಕ್ ಒತ್ತಿ ಹೇಳಿದ್ದು ಎರಡೂ ಒಂದೇ ರಾಶಿಯಲ್ಲಿರುತ್ತವೆ. ತುಂಬಾ ಅಪರೂಪದ ಪ್ರಶ್ನೆಗಳನ್ನು ಗೌಪ್ಯತೆಗಾಗಿ ಬಚ್ಚಿಡುತ್ತದೆ. ಉದ್ದನೆಯ ಮಾತಿನ ಪ್ರಶ್ನೆಗಳು ಅಪರೂಪವೇ ಅಲ್ವಾ, ಹಾಗಾಗಿ ನಮಗೆ ಬೇಕಾದದ್ದೇ ಜಾಸ್ತಿ ಕಾಣೆಯಾಗಿರುತ್ತದೆ. ಆದರೂ ಕನ್ನಡದಲ್ಲಿ ಒಂದು ಅನುಕೂಲ ಇದೆ. ನಮ್ಮ ಪ್ರಶ್ನೆ ಕ್ರಿಯಾಪದದ ಬಾಲದಲ್ಲೇ ಗೊತ್ತಾಗುತ್ತದೆ. ಫಿಲ್ಟರ್‌ನಲ್ಲಿ ರೆಜೆಕ್ಸ್, ಅಂದರೆ ಅಕ್ಷರಗಳ ಮಾದರಿ ಕೊಟ್ಟು ಹುಡುಕುವ ವಿಧಾನ, ಆಯ್ಕೆ ಮಾಡಿ ಇದನ್ನು ಹಾಕಿದೆ:

```
(ತ್ತಾ|ತ್ತದಾ|ಬಹುದಾ|ಬೇಕಾ|ಎಷ್ಟು|ಯಾವ|ಹೇಗೆ)
```

ಬಂದದ್ದು ಸ್ವಲ್ಪವೇ. ಆದರೆ ಬಂದದ್ದು ಫೋನಿನ ನೋಟ್‌ಬುಕ್ ಜೊತೆ ಹೊಂದಿಕೊಂಡಿತು. ಇನ್ನೊಂದು ಸುಳಿವನ್ನೂ ನೋಡಿದೆ. ಟೈಪ್ ಮಾಡುವವರಲ್ಲಿ ಎಷ್ಟೋ ಜನ `15.6 laptop hidiyutta` ಎಂದು ಇಂಗ್ಲಿಷ್ ಅಕ್ಷರದಲ್ಲೇ ಒತ್ತುತ್ತಾರೆ. ಫೋನ್ ಕನ್ನಡಕ್ಕೆ ಇಟ್ಟು ಮೈಕಿನಲ್ಲಿ ಹೇಳಿದರೆ ಅದು ಕನ್ನಡ ಲಿಪಿಯಲ್ಲಿ ಬರುತ್ತದೆ. ಕನ್ನಡ ಲಿಪಿಯಲ್ಲಿರುವ ಉದ್ದನೆಯ ಪ್ರಶ್ನೆ ಕಂಡರೆ ‘ಇದು ಬಹುಶಃ ಹೇಳಿದ್ದು’ ಎಂದುಕೊಳ್ಳಬಹುದು. ಅದು ಊಹೆ ಅಷ್ಟೇ. ಕನ್ನಡ ಕೀಬೋರ್ಡ್‌ನಲ್ಲಿ ಸರಾಗವಾಗಿ ಒತ್ತುವವರೂ ಇದ್ದಾರೆ.

ಹಳೇ ಉತ್ತರ ಎಲ್ಲಿ ಕೆಟ್ಟಿತ್ತು

ಜಾಸ್ತಿ ಬರುವ ಪ್ರಶ್ನೆಯನ್ನೇ ಮೊದಲು ಕೈಗೆತ್ತಿಕೊಂಡೆ. ಪುಟದಲ್ಲಿ ಇದ್ದಿದ್ದು ಇದು:

> ಪ್ರಶ್ನೆ: ಲ್ಯಾಪ್‌ಟಾಪ್ ಹೊಂದಾಣಿಕೆ?
> ಉತ್ತರ: ಈ ಉತ್ಪನ್ನವು 15.6" ವರೆಗಿನ ಸಾಧನಗಳಿಗೆ ಮೀಸಲಾದ ವಿಭಾಗವನ್ನು ಒಳಗೊಂಡಿದೆ. ವಿವರಗಳಿಗೆ ಮೇಲಿನ ಚಿತ್ರ ನೋಡಿ.

ಬರೆಯುವಾಗ ಚೆನ್ನಾಗೇ ಕಂಡಿತ್ತು. ಈಗ ಫೋನಿಗೆ ಕೊಟ್ಟು ಗಟ್ಟಿಯಾಗಿ ಓದಿಸಿದೆ. ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್ ಎಂಬ ಪರದೆ ಓದುವ ಸೌಲಭ್ಯ ಇದೆ, ಅದನ್ನು ಆನ್ ಮಾಡಿದರೆ ಸಾಕು. ಓದಿಸಿದ ತಕ್ಷಣ ಮೂರು ತೊಂದರೆ ಕಂಡವು.

ಇಂಚಿನ ಗುರುತಾಗಿ ಹಾಕಿದ್ದ ಎರಡು ಗೆರೆ ಇಂಚು ಎಂದು ಕೇಳಲೇ ಇಲ್ಲ. ಬರೀ ‘ಹದಿನೈದು ಪಾಯಿಂಟ್ ಆರು ವರೆಗಿನ’ ಎಂದಾಯಿತು. ‘ಮೇಲಿನ ಚಿತ್ರ ನೋಡಿ’ ಎಂದರೆ ಕೇಳುವವರಿಗೆ ಯಾವ ಚಿತ್ರ? ‘ಈ ಉತ್ಪನ್ನ’ ಎಂದರೆ ಯಾವುದು? ಪುಟದಲ್ಲಿ ನಿಂತು ಓದುವವರಿಗೆ ಅದು ಬ್ಯಾಗ್ ಎಂದು ಗೊತ್ತು. ಉತ್ತರವನ್ನು ಪುಟದಿಂದ ಕಿತ್ತು ಒಂಟಿಯಾಗಿ ಓದಿದಾಗ ಅದು ಯಾವುದೂ ಆಗಬಹುದು. ಮಾತಿನಲ್ಲಿ ಹುಡುಕುವಾಗ ಆಗುವುದೇ ಇದು. ಒಂದು ತುಣುಕು ಮಾತ್ರ ಹೊರಗೆ ಬರುತ್ತದೆ. ಅದರ ಹಿಂದಿನ ತಲೆಬರಹ, ಚಿತ್ರ, ಪಟ್ಟಿ ಯಾವುದೂ ಜೊತೆಗೆ ಬರುವುದಿಲ್ಲ.

ಇವು ಭಾಷೆಯ ತೊಂದರೆಗಳು. ಆದರೆ ನಿಜವಾದ ತೊಂದರೆ ಭಾಷೆಯದ್ದಾಗಿರಲಿಲ್ಲ. ಉತ್ತರವೇ ತಪ್ಪಾಗಿತ್ತು.

ಟೇಪ್ ಹಿಡಿದ ಮೇಲೆ

ವಾಪಸ್ ಬಂದ ಬ್ಯಾಗುಗಳ ಕಾರಣ ಓದಿದೆ. ‘15.6 ಅಂತ ಹಾಕಿದ್ದೀರಿ, ನಂದು 15.6, ಹಿಡಿಯಲಿಲ್ಲ.’ ಇವರು ಸುಳ್ಳು ಹೇಳುತ್ತಿಲ್ಲ. ನಾವೂ ಸುಳ್ಳು ಬರೆದಿಲ್ಲ. 15.6 ಇಂಚು ಎನ್ನುವುದು ಪರದೆಯ ಮೂಲೆಯಿಂದ ಮೂಲೆಗೆ ಇರುವ ಅಳತೆ. ಲ್ಯಾಪ್‌ಟಾಪಿನ ಮೈಯ ಅಳತೆ ಅಲ್ಲ. ಪರದೆಯ ಸುತ್ತ ಎಷ್ಟು ಅಂಚು ಬಿಟ್ಟಿದ್ದಾರೆ, ಹಿಂದೆ ಗಾಳಿಯಾಡಲು ಎಷ್ಟು ಉದ್ದ ಮಾಡಿದ್ದಾರೆ ಎಂಬುದರ ಮೇಲೆ ಮೈ ಬದಲಾಗುತ್ತದೆ.

ಇನ್ನೂ ಒಂದು ಸ್ವಾರಸ್ಯ. 15.6 ಇಂಚಿನ 16:9 ಪರದೆಯ ಅಗಲ ಸುಮಾರು 34.5 ಸೆಂಟಿಮೀಟರ್. 16 ಇಂಚಿನ 16:10 ಪರದೆಯ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಎತ್ತರ ಮಾತ್ರ 2 ಸೆಂಟಿಮೀಟರ್ ಜಾಸ್ತಿ. ಹಾಗಾಗಿ ‘16 ಇಂಚು ಹಿಡಿಯಲ್ಲ’ ಎಂದು ನಾವು ಫೋನಿನಲ್ಲಿ ಹೇಳಿ ಕಳಿಸಿದ ಕೆಲವರಿಗೆ ಬ್ಯಾಗ್ ಸರಿಹೋಗುತ್ತಿತ್ತು. ‘15.6 ಹಿಡಿಯುತ್ತೆ’ ಎಂದು ಹೇಳಿದ ಕೆಲವರಿಗೆ ಹೋಗಲಿಲ್ಲ.

ಬ್ಯಾಗಿನ ಲ್ಯಾಪ್‌ಟಾಪ್ ಜೇಬನ್ನು ಒಳಗಿನಿಂದ ಅಳೆದೆ. ಫೋಮಿನ ದಪ್ಪ ಬಿಟ್ಟು, ಹೊಲಿಗೆಯಿಂದ ಹೊಲಿಗೆಗೆ, ಬಟ್ಟೆಯನ್ನು ಚಪ್ಪಟೆಯಾಗಿ ಒತ್ತಿ. ಅಗಲ 27 ಸೆಂಟಿಮೀಟರ್, ಆಳ 38. ಲ್ಯಾಪ್‌ಟಾಪ್ ಇದರಲ್ಲಿ ನೆಟ್ಟಗೆ ಇಳಿಯುತ್ತದೆ. ಅಂದರೆ ಅದರ ಉದ್ದ ಬದಿ ಆಳಕ್ಕೆ, ಚಿಕ್ಕ ಬದಿ ಅಗಲಕ್ಕೆ.

ಇಲ್ಲಿ ನಾನೂ ಎಡವಿದೆ. ಅಗಲ 27 ಇದೆ, ಹಾಗಾದರೆ ಚಿಕ್ಕ ಬದಿ 26 ಇರುವ ಲ್ಯಾಪ್‌ಟಾಪ್ ಆರಾಮಾಗಿ ಹೋಗಬೇಕು ಅಂದುಕೊಂಡೆ. ಥರ್ಮೋಕೋಲ್ ಕತ್ತರಿಸಿ, ಮೇಲೆ ರಟ್ಟು ಅಂಟಿಸಿ ಮೂರು ಡಮ್ಮಿ ಮಾಡಿದೆ. ಒಂದು ಸಾಮಾನ್ಯ ಆಫೀಸ್ ಲ್ಯಾಪ್‌ಟಾಪಿನ ಅಳತೆ: ಉದ್ದ 36, ಚಿಕ್ಕ ಬದಿ 23.5, ದಪ್ಪ 2 ಸೆಂಟಿಮೀಟರ್. ಎರಡನೆಯದು ತೆಳುವಾದ 16 ಇಂಚಿನದು: 35.5, 24.8, 1.7. ಮೂರನೆಯದು ಗೇಮಿಂಗ್ ಲ್ಯಾಪ್‌ಟಾಪ್, ಪರದೆ 15.6 ಇಂಚೇ, ಆದರೆ ಮೈ 36, 26, 2.6.

ಮೊದಲನೆಯದು ಸಲೀಸಾಗಿ ಇಳಿಯಿತು. ಎರಡನೆಯದು ಬಿಗಿಯಾಗಿ, ಆದರೆ ಪೂರ್ತಿ ಇಳಿಯಿತು. ಮೂರನೆಯದು ಅರ್ಧಕ್ಕೆ ನಿಂತುಬಿಟ್ಟಿತು. 26 ಯಾಕೆ 27ರಲ್ಲಿ ಹೋಗಲಿಲ್ಲ?

ಕಾರಣ ಸರಳ. ಚಪ್ಪಟೆ ಜೇಬು ದಪ್ಪದ ವಸ್ತುವನ್ನು ಸುತ್ತಬೇಕು. ಜೇಬಿನ ಸುತ್ತಳತೆ 27ರ ಎರಡರಷ್ಟು, 54. ಲ್ಯಾಪ್‌ಟಾಪಿನ ಸುತ್ತಳತೆ ಚಿಕ್ಕ ಬದಿ ಎರಡು ಸಲ, ದಪ್ಪ ಎರಡು ಸಲ. ಅಂದರೆ ಚಿಕ್ಕ ಬದಿಗೆ ದಪ್ಪ ಕೂಡಿಸಿದ್ದು 27ರ ಒಳಗಿರಬೇಕು. ಮೊದಲನೆಯದು 25.5. ಎರಡನೆಯದು 26.5. ಮೂರನೆಯದು 28.6. ಎಷ್ಟು ಒತ್ತಿದರೂ ಆಗದು. ಜೇಬಿನ ಕೆಳಗಿನ ಮೂಲೆಗಳು ಸ್ವಲ್ಪ ದುಂಡಗಿರುವುದರಿಂದ ನಾನು ಅರ್ಧ ಸೆಂಟಿಮೀಟರ್ ಬಿಟ್ಟು 26.5 ಎಂದು ಮಿತಿ ಇಟ್ಟೆ.

ಮಾತಿನ ಶೈಲಿಗೆ ಹೊಂದಿಸುವ ಕೆಲಸ ಶುರುವಾದದ್ದೇ ಇದಾದ ಮೇಲೆ. ತಪ್ಪು ಉತ್ತರವನ್ನು ಸಲೀಸಾದ ಮಾತಿನಲ್ಲಿ ಬರೆದಿದ್ದರೆ ಇನ್ನೂ ಜಾಸ್ತಿ ಬ್ಯಾಗುಗಳು ವಾಪಸ್ ಬರುತ್ತಿದ್ದವು.

ಹೊಸ ಉತ್ತರ, ನಾಲ್ಕನೇ ಸಲಕ್ಕೆ

ಮೊದಲ ಕರಡಿನಲ್ಲಿ ಸುತ್ತಳತೆಯ ಲೆಕ್ಕವನ್ನೆಲ್ಲ ಬರೆದಿದ್ದೆ. ಸಹೋದ್ಯೋಗಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ಮಧ್ಯದಲ್ಲೇ ಕೈ ಎತ್ತಿದರು. ‘ಸಾರ್, ಹಿಡಿಯುತ್ತಾ ಇಲ್ವಾ ಅದನ್ನ ಮೊದಲು ಹೇಳಿ.’

ಫೋನಿನಲ್ಲಿ ಅವರು ಹೇಗೆ ಹೇಳುತ್ತಾರೆ ಎಂದು ಕೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆದುಕೊಂಡೆ. ಉಳಿದದ್ದು ಅಳತೆ ಸೇರಿಸುವುದು ಅಷ್ಟೇ ಆಯಿತು:

> 15.6 ಇಂಚಿನ ಲ್ಯಾಪ್‌ಟಾಪ್ ಈ ಬ್ಯಾಗ್‌ನಲ್ಲಿ ಹಿಡಿಯುತ್ತಾ?
> ಹೌದು, 15.6 ಇಂಚಿನ ಸಾಮಾನ್ಯ ಲ್ಯಾಪ್‌ಟಾಪ್ ಈ ಬ್ಯಾಗ್‌ನಲ್ಲಿ ಹಿಡಿಯುತ್ತದೆ. ದಪ್ಪನೆಯ ಗೇಮಿಂಗ್ ಲ್ಯಾಪ್‌ಟಾಪ್ ಹಿಡಿಯದೇ ಇರಬಹುದು. ನಿಮ್ಮ ಲ್ಯಾಪ್‌ಟಾಪ್ ಮುಚ್ಚಿಟ್ಟು ಲ್ಯಾಪ್‌ಟಾಪಿನ ಚಿಕ್ಕ ಬದಿ ಮತ್ತು ದಪ್ಪ ಅಳೆಯಿರಿ. ಎರಡೂ ಕೂಡಿಸಿ 26.5 ಸೆಂಟಿಮೀಟರ್ ಒಳಗೆ, ಉದ್ದ ಬದಿ 37 ಸೆಂಟಿಮೀಟರ್ ಒಳಗೆ ಇದ್ದರೆ ಹಿಡಿಯುತ್ತದೆ. ತೆಳುವಾದ 16 ಇಂಚಿನ ಲ್ಯಾಪ್‌ಟಾಪ್ ಕೂಡ ಬಿಗಿಯಾಗಿ ಹಿಡಿಯುತ್ತದೆ.

ಮೊದಲ ವಾಕ್ಯದಲ್ಲಿ ಪ್ರಶ್ನೆಯ ಪದಗಳೇ ವಾಪಸ್ ಬಂದಿವೆ: 15.6 ಇಂಚು, ಲ್ಯಾಪ್‌ಟಾಪ್, ಬ್ಯಾಗ್, ಹಿಡಿಯುತ್ತದೆ. ಅದೊಂದನ್ನೇ ಕಿತ್ತು ಓದಿದರೂ ಅರ್ಥ ಆಗುತ್ತದೆ. ಎರಡನೇ ವಾಕ್ಯ ಅಪವಾದ. ಅದನ್ನು ಕೊನೆಗೆ ಹಾಕಿದ್ದೆ, ಆಮೇಲೆ ಮೇಲಕ್ಕೆ ತಂದೆ. ಒಂದು ವಾಕ್ಯ ಮಾತ್ರ ಓದಿ ಹೇಳುವ ಸಂದರ್ಭದಲ್ಲಿ ಅಪವಾದ ಕಳೆದುಹೋಗುತ್ತದೆ, ಅದಕ್ಕೇ ಮೊದಲ ವಾಕ್ಯದಲ್ಲೂ ‘ಸಾಮಾನ್ಯ’ ಎಂಬ ಪದ ತೂರಿಸಿದೆ. ಆ ಒಂದು ಪದಕ್ಕಾಗಿ ಅರ್ಧ ಗಂಟೆ ಯೋಚಿಸಿದ್ದೇನೆ ಎಂದರೆ ನಗಬೇಡಿ.

‘ಅದರಲ್ಲಿ’, ‘ಇದು’ ಎಂಬ ಪದಗಳನ್ನು ಹೆಸರಿಗೆ ಬದಲಾಗಿ ಬಳಸಿಲ್ಲ. ಬರೆಯುವಾಗ ಒಂದೇ ಹೆಸರು ಮತ್ತೆಮತ್ತೆ ಬಂದರೆ ಕೈ ತಡೆಯುತ್ತದೆ, ಶಾಲೆಯಲ್ಲಿ ಹಾಗೇ ಕಲಿತಿದ್ದೇವೆ. ಇಲ್ಲಿ ಅದು ಬೇಕು. ಜನ ಒಂದಾದ ಮೇಲೆ ಒಂದು ಕೇಳುತ್ತಾರೆ. ‘ಲ್ಯಾಪ್‌ಟಾಪ್ ಹಿಡಿಯುತ್ತಾ?’ ಆಯಿತು, ‘ಹಾಗಾದ್ರೆ ಚಾರ್ಜರ್?’ ಎನ್ನುತ್ತಾರೆ. ಚಾರ್ಜರ್ ಉತ್ತರದಲ್ಲಿ ‘ಅದರ ಪಕ್ಕದಲ್ಲಿ ಜಾಗ ಇದೆ’ ಎಂದು ಬರೆದರೆ ಯಾವುದರ ಪಕ್ಕ? ‘ಚಾರ್ಜರ್ ಇಡಲು ಈ ಲ್ಯಾಪ್‌ಟಾಪ್ ಬ್ಯಾಗ್‌ನ ಮುಂದಿನ ಜೇಬಿನಲ್ಲಿ ಜಾಗ ಇದೆ’ ಎಂದು ಬರೆದೆ.

ನಾನು ಕೆಡಿಸಿದ್ದು

ಎರಡನೇ ವಾರ ಉತ್ಸಾಹ ಜಾಸ್ತಿಯಾಯಿತು. ಒಬ್ಬರು ‘ಹಿಡಿಯುತ್ತಾ’ ಎನ್ನುತ್ತಾರೆ, ಇನ್ನೊಬ್ಬರು ‘ಹೋಗುತ್ತಾ’, ಮತ್ತೊಬ್ಬರು ‘ಕೂರುತ್ತಾ’, ‘ಆಗ್ತದಾ’. ಎಲ್ಲಕ್ಕೂ ಒಂದೊಂದು ಪ್ರಶ್ನೆ ಬರೆದುಬಿಡೋಣ ಎಂದು ಕೂತೆ. ಪುಟದಲ್ಲಿ 31 ಪ್ರಶ್ನೆ ಆದವು. ಉತ್ತರ ಎಲ್ಲದಕ್ಕೂ ಒಂದೇ, ಪದ ಮಾತ್ರ ಹಿಂದೆಮುಂದೆ.

ಆ ವಾರ ಫೋನ್ ಕಡಿಮೆಯಾಗಲಿಲ್ಲ. ಒಬ್ಬರಂತೂ ‘ಒಂದ್ಕಡೆ 37 ಅಂತಿದೆ, ಇನ್ನೊಂದ್ಕಡೆ 38 ಅಂತಿದೆ, ಯಾವುದು ಸರಿ?’ ಎಂದು ಕೇಳಿದರು. ನಕಲು ಮಾಡುವಾಗ ಒಂದು ಉತ್ತರದಲ್ಲಿ ಜೇಬಿನ ಆಳವನ್ನೇ ಲ್ಯಾಪ್‌ಟಾಪಿನ ಮಿತಿ ಎಂದು ಹಾಕಿಬಿಟ್ಟಿದ್ದೆ. ಒಂದೇ ವಿಷಯಕ್ಕೆ ಆರು ಉತ್ತರ ಇದ್ದರೆ, ಒಂದನ್ನು ತಿದ್ದಿದಾಗ ಉಳಿದ ಐದು ಹಳಸುತ್ತವೆ.

ಎಲ್ಲ ಅಳಿಸಿ 9ಕ್ಕೆ ಇಳಿಸಿದೆ. ಒಂದು ಅಗತ್ಯಕ್ಕೆ ಒಂದೇ ಪ್ರಶ್ನೆ. ತಲೆಬರಹಕ್ಕೆ ನೋಟ್‌ಬುಕ್‌ನಲ್ಲಿ ಜಾಸ್ತಿ ಸಲ ಬಂದ ಕ್ರಿಯಾಪದ, ಅಂದರೆ ‘ಹಿಡಿಯುತ್ತಾ’. ಬೇರೆ ಪದ ಉತ್ತರದ ಒಳಗೆ ಸಹಜವಾಗಿ ಬರುವಂತಿದ್ದರೆ ಬರಲಿ, ಇಲ್ಲದಿದ್ದರೆ ಬೇಡ. ಎರಡು ಪ್ರಶ್ನೆ ಒಂದೇ ಅಗತ್ಯವೋ ಅಲ್ಲವೋ ಎಂದು ತಿಳಿಯಲು ನನಗೆ ಒಂದು ಉಪಾಯ ಸಿಕ್ಕಿತು: ಎರಡಕ್ಕೂ ಉತ್ತರ ಬರೆದು ನೋಡುವುದು. ಸಂಖ್ಯೆ ಅಥವಾ ‘ಹೌದು-ಇಲ್ಲ’ ಬದಲಾದರೆ ಬೇರೆ ಪ್ರಶ್ನೆ. ಬರೀ ಪದ ಬದಲಾದರೆ ಒಂದೇ ಪ್ರಶ್ನೆ.

ಮಳೆ

ಸರಬರಾಜು ಮಾಡಿದವರ ಹಾಳೆಯಲ್ಲಿ ‘ವಾಟರ್‌ಪ್ರೂಫ್’ ಎಂದಿತ್ತು. ಅದನ್ನೇ ಎತ್ತಿ ಪುಟದಲ್ಲಿ ಹಾಕಿದ್ದೆ. ಜನ ಕೇಳುವುದು ಬೇರೆ: ಮಳೆ ಬಂದರೆ ಒಳಗಿರುವುದು ನೆನೆಯುತ್ತಾ? ಇದಕ್ಕೆ ಬಟ್ಟೆಯ ಹೆಸರು ಹೇಳಿದರೆ ಉತ್ತರ ಆಗುವುದಿಲ್ಲ. ಲೇಪನ ಇರುವ ಪಾಲಿಯೆಸ್ಟರ್ ಬಟ್ಟೆ ನೀರು ತಡೆಯುತ್ತದೆ, ನಿಜ. ಆದರೆ ಹೊಲಿಗೆಯ ತೂತು ಮತ್ತು ಜಿಪ್ಪು ತಡೆಯುವುದಿಲ್ಲ.

ಬ್ಯಾಗಿನ ಒಳಗೆ ಜಿಪ್ಪಿನ ಉದ್ದಕ್ಕೂ, ತಳದಲ್ಲಿ, ಲ್ಯಾಪ್‌ಟಾಪ್ ಜೇಬಿನಲ್ಲಿ ಟಿಶ್ಯೂ ಕಾಗದ ಇಟ್ಟೆ. ಶವರ್ ಸಣ್ಣಗೆ ಬಿಟ್ಟು ಹತ್ತು ನಿಮಿಷ ನೇತುಹಾಕಿದೆ. ಎಲ್ಲ ಒಣಗಿಯೇ ಇತ್ತು. ಆಮೇಲೆ ಜೋರಾಗಿ ಬಿಟ್ಟೆ. ಐದು ನಿಮಿಷಕ್ಕೆ ತೆಗೆದು ನೋಡಿದರೆ ಮೇಲಿನ ಜಿಪ್ಪಿನ ಕೆಳಗಿನ ಕಾಗದ ಒದ್ದೆ. ಲ್ಯಾಪ್‌ಟಾಪ್ ಜೇಬಿನದು ಒಣಗಿತ್ತು.

ಇದು ಪ್ರಯೋಗಾಲಯದ ಪರೀಕ್ಷೆ ಅಲ್ಲ. ಹಾಗಾಗಿ ನೀರನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ `IPX4` ತರಹದ ಗುರುತು ಹಾಕುವ ಹಾಗಿಲ್ಲ, ಅದಕ್ಕೆ ನಿಗದಿಯಾದ ಪರೀಕ್ಷಾ ವಿಧಾನ ಇದೆ. ನಾವು ನೋಡಿದ್ದನ್ನಷ್ಟೇ ಬರೆದೆ:

> ಮಳೆ ಬಂದರೆ ಬ್ಯಾಗ್ ಒಳಗಿನ ಲ್ಯಾಪ್‌ಟಾಪ್ ನೆನೆಯುತ್ತಾ?
> ಸಣ್ಣ ಮಳೆಯಲ್ಲಿ ಹತ್ತು ನಿಮಿಷ ಓಡಾಡಿದರೆ ಬ್ಯಾಗ್ ಒಳಗಿನ ಲ್ಯಾಪ್‌ಟಾಪ್ ನೆನೆಯುವುದಿಲ್ಲ. ಜೋರು ಮಳೆಯಲ್ಲಿ ಜಿಪ್ಪಿನ ಮೂಲಕ ನೀರು ಒಳಗೆ ಇಳಿಯುತ್ತದೆ. ಜೋರು ಮಳೆಯಲ್ಲಿ ಗಾಡಿ ಓಡಿಸುವವರು ಬ್ಯಾಗಿನ ಮೇಲೆ ರೈನ್ ಕವರ್ ಹಾಕಬೇಕು. ಈ ಬ್ಯಾಗ್ ಜೊತೆ ರೈನ್ ಕವರ್ ಬರುವುದಿಲ್ಲ.

ಕೊನೆಯ ವಾಕ್ಯ ಮಾರಾಟಕ್ಕೆ ಅಡ್ಡ ಬರುತ್ತದೆ ಎಂದು ಸ್ವಲ್ಪ ಗೊಣಗಾಟ ಆಯಿತು. ಆದರೆ ಫೋನಿನಲ್ಲಿ ಮುಂದಿನ ಪ್ರಶ್ನೆ ಯಾವಾಗಲೂ ‘ಕವರ್ ಕೊಡ್ತೀರಾ?’ ಎಂಬುದೇ. ಉಳಿಸಿಕೊಂಡೆ. ಪುಟದಲ್ಲಿ ಬೇರೆಡೆ ಇದ್ದ ‘ವಾಟರ್‌ಪ್ರೂಫ್’ ಎಂಬ ಪದವನ್ನೂ ತೆಗೆಯಬೇಕಾಯಿತು. ಮೇಲೆ ವಾಟರ್‌ಪ್ರೂಫ್, ಕೆಳಗೆ ನೀರು ಇಳಿಯುತ್ತದೆ ಎಂದಿದ್ದರೆ ಓದುವವರು ಯಾವುದನ್ನು ನಂಬಬೇಕು?

ವಿಮಾನದ ಪ್ರಶ್ನೆಗೆ ‘ಹೌದು’ ಎಂದು ಶುರು ಮಾಡಲು ಆಗಲಿಲ್ಲ. ಪ್ರತಿ ವಿಮಾನ ಸಂಸ್ಥೆಗೆ ಬೇರೆ ಮಿತಿ ಇರುತ್ತದೆ. ಅಲ್ಲಿ ‘ಈ ಬ್ಯಾಗ್ ಎತ್ತರ 46, ಅಗಲ 30, ದಪ್ಪ 17 ಸೆಂಟಿಮೀಟರ್. ಸೀಟಿನ ಕೆಳಗಿನ ಮಿತಿ ಪ್ರತಿ ವಿಮಾನ ಸಂಸ್ಥೆಗೂ ಬೇರೆ, ನಿಮ್ಮ ಟಿಕೆಟ್‌ನಲ್ಲಿ ನೋಡಿ’ ಎಂದು ನಿಲ್ಲಿಸಿದೆ.

ಕಾಣದ ಅಕ್ಷರ

ಉತ್ತರ ಎಲ್ಲ ಸರಿಯಾಯಿತು. ನಮ್ಮದೇ ತಾಣದ ಹುಡುಕಾಟದಲ್ಲಿ ಮೈಕ್ ಒತ್ತಿ ‘ಲ್ಯಾಪ್‌ಟಾಪ್ ಹಿಡಿಯುತ್ತಾ’ ಎಂದೆ. ಫಲಿತಾಂಶ ಸೊನ್ನೆ. ಪರದೆಯ ಮೇಲೆ ಪದ ಸರಿಯಾಗೇ ಬಂದಿದೆ, ಪುಟದಲ್ಲೂ ಅದೇ ಪದ ಇದೆ. ಕಣ್ಣಿಗೆ ಹೆಚ್ಚೇನೂ ವ್ಯತ್ಯಾಸ ಇಲ್ಲ.

ಒಂದು ಸಂಜೆ ಪೂರ್ತಿ ಹೋಯಿತು. ಕೊನೆಗೆ ಎರಡೂ ಪದಗಳ ಉದ್ದ ಎಣಿಸಿದೆ. ಒಂದರಲ್ಲಿ ಒಂದು ಅಕ್ಷರ ಜಾಸ್ತಿ ಇತ್ತು. `U+200C`, ಕಣ್ಣಿಗೆ ಕಾಣದ ಗುರುತು. ‘ಪ್’ ಮತ್ತು ‘ಟಾ’ ಒಂದಕ್ಕೊಂದು ಅಂಟಿ ಒತ್ತಕ್ಷರ ಆಗದಂತೆ ಮಧ್ಯೆ ಕೂರುತ್ತದೆ. ನಾನು ಅದನ್ನು ಹಾಕಿ ಬರೆದಿದ್ದೆ. ಮೈಕಿನಿಂದ ಬಂದದ್ದರಲ್ಲಿ ಅದು ಇರಲಿಲ್ಲ, ‘ಲ್ಯಾಪ್ಟಾಪ್’ ಎಂದು ಒತ್ತಾಗಿತ್ತು. ಗಮನ ಕೊಟ್ಟು ನೋಡಿದರೆ ಗೊತ್ತಾಗುತ್ತದೆ, ಆದರೆ ಸಣ್ಣ ಪರದೆಯಲ್ಲಿ ಯಾರು ನೋಡುತ್ತಾರೆ? ನಮ್ಮ ತಾಣದ ಹುಡುಕಾಟ ಅಕ್ಷರಕ್ಕೆ ಅಕ್ಷರ ಹೋಲಿಸುತ್ತಿತ್ತು, ಅದಕ್ಕೆ ಇವು ಎರಡು ಬೇರೆ ಪದ.

ಪಠ್ಯವನ್ನು ಬದಲಿಸಲಿಲ್ಲ. ಹುಡುಕಾಟದ ಸೂಚಿಗೆ ಹಾಕುವ ಪ್ರತಿಯನ್ನೂ, ಬಂದ ಪ್ರಶ್ನೆಯನ್ನೂ ಹೋಲಿಸುವ ಮೊದಲು ಒಂದೇ ಜರಡಿಯಲ್ಲಿ ಹಾಯಿಸಿದೆ:

```python
import re, unicodedata

def norm(s):
    s = unicodedata.normalize("NFC", s)
    s = s.replace("\u200c", "").replace("\u200d", "")
    return re.sub(r"\s+", " ", s).strip()
```

ಎರಡನೇ ಗುರುತು `U+200D`. ‘ರ’ಗೆ ಅರ್ಕಾವೊತ್ತು ಆಗದಂತೆ ‘ರ‍್ಯ’ ಎಂದು ಬರೆಯಲು ಅದು ಬೇಕು. ಅದಕ್ಕೇ ಇದನ್ನು ಓದುವವರಿಗೆ ತೋರಿಸುವ ಪಠ್ಯದ ಮೇಲೆ ಓಡಿಸಬಾರದು, ಸೂಚಿಗೆ ಮಾತ್ರ.

ಇದರಿಂದ ‘ಬ್ಯಾಗಲ್ಲಿ’, ‘ಬ್ಯಾಗ್‌ನಲ್ಲಿ’, ‘ಬ್ಯಾಗಿನಲ್ಲಿ’ ಎಂಬ ಮೂರು ರೂಪಗಳು ಒಂದಾಗುವುದಿಲ್ಲ. ಅದಕ್ಕೆ ಪ್ರತ್ಯಯ ಕತ್ತರಿಸುವ ಬೇರೆ ಕೆಲಸ ಬೇಕು. ಸದ್ಯಕ್ಕೆ ನಮ್ಮ ಬಳಿ ಇರುವ ಕೆಲವೇ ಪದಗಳಿಗೆ ಒಂದು ಸಮಾನಪದ ಪಟ್ಟಿ ಮಾಡಿ ಹಾಕಿದ್ದೇನೆ. ಅದೇ ಪಟ್ಟಿಯಲ್ಲಿ ‘ಹಿಡಿಯುತ್ತಾ, ಹೋಗುತ್ತಾ, ಕೂರುತ್ತಾ’ ಕೂಡ ಇವೆ. ಪುಟದಲ್ಲಿ 31 ಪ್ರಶ್ನೆ ತುಂಬಿಸಿ ಮಾಡಲು ಹೊರಟಿದ್ದ ಕೆಲಸದ ಜಾಗ ನಿಜವಾಗಿ ಇದು.

ಗುಂಡಿ ಒತ್ತಿದರೆ ಮಾತ್ರ ಬರುವ ಉತ್ತರ

ನಮ್ಮ ತಾಣದಲ್ಲಿ ಸರಿಹೋಯಿತು. ಹೊರಗಿನ ಹುಡುಕಾಟದಲ್ಲಿ ಉತ್ತರದ ವಾಕ್ಯವನ್ನೇ ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದರೂ ಪುಟ ಬರಲಿಲ್ಲ. ಬ್ರೌಸರಿನಲ್ಲಿ `Ctrl+U` ಒತ್ತಿ ಪುಟದ ಮೂಲ ತೆರೆದು ‘ಹಿಡಿಯುತ್ತದೆ’ ಎಂದು ಹುಡುಕಿದೆ. ಇಲ್ಲ. ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ತಪಾಸಣೆಯಲ್ಲಿ ಗೂಗಲ್ ನೋಡಿದ ಎಚ್‌ಟಿಎಂಎಲ್ ತೆರೆದೆ. ಅಲ್ಲೂ ಪ್ರಶ್ನೆಗಳು ಮಾತ್ರ ಇದ್ದವು.

ಪ್ರಶ್ನೆಯ ಮೇಲೆ ಒತ್ತಿದಾಗ ಉತ್ತರವನ್ನು ಸರ್ವರಿನಿಂದ ತರುವಂತೆ ಪುಟ ಕಟ್ಟಲಾಗಿತ್ತು. ಪುಟಗಳನ್ನು ಓದಿಕೊಂಡು ಹೋಗುವ ಗೂಗಲ್‌ನ ಬಾಟ್ ಗುಂಡಿ ಒತ್ತುವುದಿಲ್ಲ. ಉತ್ತರಗಳನ್ನು ಪುಟದಲ್ಲೇ ಇಟ್ಟು, ಮಡಚಿಡುವುದನ್ನು ಮಾತ್ರ `<details>` ಟ್ಯಾಗ್‌ಗೆ ಬಿಟ್ಟೆವು. ಮಡಚಿದ್ದರೂ ಪಠ್ಯ ಪುಟದಲ್ಲಿ ಇದ್ದರೆ ಸಾಕು.

ಇದೇ ಹೊತ್ತಿಗೆ ಯಾರೋ ‘ಇವು ಪ್ರಶ್ನೋತ್ತರ ಎಂದು ಗೂಗಲ್‌ಗೆ ತಿಳಿಸುವ `FAQPage` ಸ್ಕೀಮಾವನ್ನು ಪುಟದ ಕೋಡ್‌ನಲ್ಲಿ ಹಾಕಿ, ಹುಡುಕಾಟದಲ್ಲಿ ಪ್ರಶ್ನೆಗಳು ಅಂದವಾಗಿ ಕಾಣುತ್ತವೆ’ ಎಂದರು. ಅದು ಹಳೇ ಮಾತು. 2023ರ ಆಗಸ್ಟ್‌ನಲ್ಲಿ ಗೂಗಲ್ ಆ ಪ್ರದರ್ಶನವನ್ನು ಹೆಸರಾಂತ ಸರ್ಕಾರಿ ಮತ್ತು ಆರೋಗ್ಯ ತಾಣಗಳಿಗೆ ಸೀಮಿತ ಮಾಡಿತು. ಬ್ಯಾಗ್ ಮಾರುವವರಿಗೆ ಅದರಿಂದ ಹಾಗೇನೂ ಕಾಣುವುದಿಲ್ಲ. ಅದರ ಬದಲು ಉತ್ತರದ ಮಿತಿಗೆ ಆಧಾರವಾದ ಜೇಬಿನ ಅಳತೆಯನ್ನು ಉತ್ಪನ್ನದ ದತ್ತಾಂಶದಲ್ಲಿ ಹಾಕಿದೆ:

```json
"additionalProperty": [{
  "@type": "PropertyValue",
  "name": "ಲ್ಯಾಪ್‌ಟಾಪ್ ಜೇಬಿನ ಒಳ ಅಗಲ",
  "value": 27,
  "unitCode": "CMT"
}]
```

`CMT` ಎಂದರೆ ಸೆಂಟಿಮೀಟರ್‌ನ ಸಂಕೇತ. ಇಲ್ಲಿ 27 ಇದೆ, ಉತ್ತರದಲ್ಲಿ 26.5 ಇದೆ. ಎರಡೂ ಸರಿ: ಒಂದು ಜೇಬಿನ ಅಳತೆ, ಇನ್ನೊಂದು ಲ್ಯಾಪ್‌ಟಾಪಿನ ಮಿತಿ. ಯಾರಾದರೂ ಬಂದು ‘ಸರಿಪಡಿಸುತ್ತೇನೆ’ ಎಂದು ಎರಡನ್ನೂ ಒಂದೇ ಮಾಡುವ ಮೊದಲು ಇರಲಿ ಎಂದು ಪಕ್ಕದ ಟಿಪ್ಪಣಿಯಲ್ಲಿ ಕಾರಣ ಬರೆದಿಟ್ಟೆ.

ಎಲ್ಲಿಗೆ ಬಂತು

ಮಾತಿನ ಹುಡುಕಾಟದಿಂದ ಎಷ್ಟು ಜನ ಬಂದರು ಎಂದು ನನ್ನಿಂದ ಹೇಳಲು ಆಗದು, ಅದನ್ನು ಬೇರೆ ಮಾಡಿ ಎಣಿಸುವ ದಾರಿ ಇಲ್ಲ. ನಾನು ನೋಡುವುದು ಎರಡೇ. ನೋಟ್‌ಬುಕ್‌ನಲ್ಲಿ ಪುಟದಲ್ಲಿ ಉತ್ತರ ಇರುವ ಪ್ರಶ್ನೆ ಮತ್ತೆ ಬಂತಾ? ‘ಹಿಡಿಯಲಿಲ್ಲ’ ಎಂದು ಬ್ಯಾಗ್ ವಾಪಸ್ ಬಂತಾ? ಲ್ಯಾಪ್‌ಟಾಪ್ ಪ್ರಶ್ನೆ ಈಗಲೂ ಬರುತ್ತದೆ, ಆದರೆ ರೂಪ ಬದಲಾಗಿದೆ. ‘ನಂದು 26.8 ಬರ್ತಿದೆ, ಒತ್ತಿದ್ರೆ ಹೋಗುತ್ತಾ?’ ಎನ್ನುತ್ತಾರೆ. ಟೇಪ್ ಹಿಡಿದು ಅಳೆದ ಮೇಲೆ ಕರೆ ಮಾಡುತ್ತಿದ್ದಾರೆ. ಹೋಗಲ್ಲ ಎಂದು ಸಹೋದ್ಯೋಗಿ ಹೇಳುತ್ತಾರೆ, ಐದು ಸೆಕೆಂಡಿನ ಕರೆ.

ನೋಟ್‌ಬುಕ್‌ನಲ್ಲಿ ನಿನ್ನೆ ಹೊಸದೊಂದು ಸಾಲು ಬಂದಿದೆ: ‘ನೆಲದ ಮೇಲಿಟ್ರೆ ನೆಟ್ಟಗೆ ನಿಲ್ಲುತ್ತಾ, ಬೀಳುತ್ತಾ?’ ಲ್ಯಾಪ್‌ಟಾಪ್ ಹಾಕಿ ನಿಲ್ಲಿಸಿದೆ, ನಿಂತಿತು. ಮುಂದಿನ ಜೇಬಿಗೆ ಚಾರ್ಜರ್ ತುಂಬಿದೆ, ಮುಂದಕ್ಕೆ ಬಿತ್ತು. ಉತ್ತರದ ಮೊದಲ ವಾಕ್ಯ ಇನ್ನೂ ಸಿಕ್ಕಿಲ್ಲ.